ಗಿಳಿಯೋ ಗಿಣಿಯೋ

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಸುಮಾರು 2,400 ಕಿಲೋಮೀಟರ್. ವಿಮಾನದಲ್ಲಿ ಮೂರು ಗಂಟೆಯೊಳಗೆ ಮುಗಿಯುವ ಕೆಲಸ. ಆದರೆ ಅಮ್ಮನಿಗೆ ವಿಮಾನ ಆಗಿಬರುವುದಿಲ್ಲ. ಮಿಡಿ ಉಪ್ಪಿನಕಾಯಿ ಜಾಡಿ, ಹುಳಿಪುಡಿ ಡಬ್ಬ, ಎರಡು ಕೆಜಿ ಕಾಫಿಪುಡಿ ಎಲ್ಲವನ್ನೂ ತೂಕ ಹಾಕಿಸಿಕೊಂಡು ಹೋಗುವುದು ಅವರ ಮರ್ಯಾದೆಗೆ ಕಡಿಮೆ. ಹಾಗಾಗಿ ಜೂನ್ ಕೊನೆಯಲ್ಲಿ ನಾನು, ಅಮ್ಮ, ನನ್ನ ಮಗಳು ಮೂವರೂ ರೈಲು ಹತ್ತಿದೆವು. ಮಗಳಿಗೆ ಹತ್ತು ವರ್ಷ. ರಜೆಗೆಂದು ಮೈಸೂರಿಗೆ ಬಂದಿದ್ದಳು. ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ ಹೊರಟಿದ್ದಳು, ಈ ಸಲ ಅಜ್ಜಿಯನ್ನೂ ಎಳೆದುಕೊಂಡು.

ಅಮ್ಮನಿಗೆ ಕೆಳಗಿನ ಬರ್ತ್, ಮಗಳಿಗೆ ನಡುವಿನದು, ನನಗೆ ಮೇಲಿನದು. ಈಗ ಹೇಳುತ್ತಿರುವುದರಲ್ಲಿ ಅರ್ಧ ನಾನು ಮೇಲೆ ಮಲಗಿಕೊಂಡು ಕಿವಿಯಲ್ಲಿ ಕೇಳಿದ್ದು.

ಅಮ್ಮ ದಿನಾ ಪತ್ರಿಕೆಯ ಪದಬಂಧ ಬಿಡಿಸುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದಲೂ ನೋಡುತ್ತಿದ್ದೇನೆ. ಅಡುಗೆ ಮುಗಿಸಿ, ಹನ್ನೊಂದರ ಹೊತ್ತಿಗೆ, ಎರಡನೇ ಕಾಫಿಯ ಜೊತೆ. ಪೆನ್ನು ಹಿಡಿಯುವುದಿಲ್ಲ, ಪೆನ್ಸಿಲ್ಲೇ ಆಗಬೇಕು. ಹೊರಟ ದಿನ ಮೂಟೆ ಕಟ್ಟುವ ಗಲಾಟೆಯಲ್ಲಿ ಅದು ತಪ್ಪಿಹೋಗಿತ್ತು. ಆ ಪುಟವನ್ನು ಮಾತ್ರ ಮಡಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಿದ್ದರು. ಯಲಹಂಕ ದಾಟಿ, ಚಿತ್ರಾನ್ನದ ಡಬ್ಬ ಖಾಲಿಯಾದ ಮೇಲೆ, ಅದು ಹೊರಗೆ ಬಂತು.

ಮಗಳಿಗೂ ದಿನಕ್ಕೊಂದು ಪದದ ಆಟ ಉಂಟು. ಅವಳದು ಫೋನಿನಲ್ಲಿ, ಇಂಗ್ಲಿಷಿನದು. ವರ್ಡಲ್. ಜೋಶ್ ವಾರ್ಡಲ್ ಎಂಬಾತ ತನ್ನ ಸಂಗಾತಿಗೆಂದು ಮಾಡಿ, 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಬಿಟ್ಟ ಆಟ. ಮೂರೇ ತಿಂಗಳಿಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಮಧ್ಯರಾತ್ರಿ ಕಳೆದರೆ ಹೊಸ ಪದ, ಎಲ್ಲರಿಗೂ ಒಂದೇ ಪದ. ಅವತ್ತಿನದನ್ನು ಅವಳು ಬೆಳಿಗ್ಗೆಯೇ ಮುಗಿಸಿಬಿಟ್ಟಿದ್ದಳು. ಮಾಡಲು ಬೇರೇನೂ ಇರಲಿಲ್ಲ. ಹಾಗಾಗಿ ಅಜ್ಜಿಯ ಕಾಗದದೊಳಗೆ ಇಣುಕಿದಳು.

ಅವಳ ಕನ್ನಡದ ಬಗ್ಗೆ ಒಂದು ಮಾತು. ಮನೆಯಲ್ಲಿ ಮಾತಾಡುತ್ತಾಳೆ. ಓದಲು ಕಲಿತದ್ದು ಹೋದ ವರ್ಷದ ರಜೆಯಲ್ಲಿ, ಅಜ್ಜಿಯ ಹತ್ತಿರ. ಅಂಗಡಿ ಬೋರ್ಡುಗಳನ್ನು ತಡವರಿಸಿ ಓದುತ್ತಾಳೆ. ದೆಹಲಿಯಲ್ಲಿ ಬೆಳೆದ ನಾಲಿಗೆಗೆ ‘ಳ’ ತಿರುಗುವುದಿಲ್ಲ, ‘ಲ’ ಆಗಿಬಿಡುತ್ತದೆ. ‘ಣ’ ಕೂಡ ಅವಸರದಲ್ಲಿ ‘ನ’ ಆಗುತ್ತದೆ. ಇದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

“ಅಜ್ಜಿ, ಇಲ್ಲಿ ಬ್ರಾಕೆಟ್‌ನಲ್ಲಿ ಎರಡು ಅಂತ ಇದೆಯಲ್ಲ, ಅಂದ್ರೆ ಎರಡು ಲೆಟರ್ರಾ?”

“ಎರಡು ಮನೆ. ಒಂದು ಮನೆಗೆ ಒಂದು ಅಕ್ಷರ.”

“ಸುಳಿವು ಓದಿ.”

“‘ತಿರುಗಿ ಹರಿದರೆ ನದಿಯೂ ಹಗಲು.’ ಎರಡು ಅಕ್ಷರ.”

ಮಗಳು ತನ್ನ ನೋಟ್‌ಬುಕ್ಕಿನಲ್ಲಿ ನದಿಯನ್ನು ಇಂಗ್ಲಿಷಿನಲ್ಲಿ ಬರೆದು ಹಿಂದುಮುಂದು ಮಾಡಿದಳು. ಏನೂ ಬರಲಿಲ್ಲ. ‘ಇಡನ್’ ಅಂತೇನೋ ಓದಿ ಮುಖ ಕಿವುಚಿದಳು. ಅಮ್ಮ ಪೆನ್ಸಿಲ್ ತೆಗೆದುಕೊಂಡು ಎರಡು ಮನೆ ಎಳೆದು, ಒಂದರಲ್ಲಿ ‘ನ’, ಇನ್ನೊಂದರಲ್ಲಿ ‘ದಿ’ ಬರೆದರು. “ಈಗ ಆ ಕಡೆಯಿಂದ ಓದು.”

“ದಿ... ನ. ದಿನ!”

ಇಂಗ್ಲಿಷಿನ ಪದ ಒಡೆದರೆ ನಾಲ್ಕು ತುಂಡು, ಕನ್ನಡದಲ್ಲಿ ಎರಡೇ. ಗುಣಿತದ ಗುಡಿಸು ಅಕ್ಷರವನ್ನು ಬಿಟ್ಟು ಬರುವುದಿಲ್ಲ. ಪದ ತಿರುಗಿದರೂ ‘ದಿ’ ‘ದಿ’ಯಾಗಿಯೇ ತಿರುಗುತ್ತದೆ. ಅಷ್ಟು ಗೊತ್ತಾದ ಮೇಲೆ ಅವಳಿಗೆ ಹುಚ್ಚು ಹಿಡಿಯಿತು. ಬಾಯಿಗೆ ಬಂದ ಪದವನ್ನೆಲ್ಲ ತಿರುಗಿಸಿದಳು. ರಸ, ಸರ. ಅಜ್ಜಿ ಕಪಿ ಕೊಟ್ಟರು, ಪಿಕ ಆಯಿತು. ಪಿಕ ಅಂದರೆ ಕೋಗಿಲೆ. ಪದಬಂಧದ ಹೊರಗೆ ಈ ಹಕ್ಕಿ ಕೂಗುವುದನ್ನು ನಾನಂತೂ ಕೇಳಿಲ್ಲ. ಅಮ್ಮನ ಹತ್ತಿರ ಇಂಥ ಎರಡಕ್ಷರದ ಪದಗಳ ಒಂದು ಡಬ್ಬಿಯೇ ಇದೆ. ಅಳಿ ಅಂದರೆ ದುಂಬಿ, ಕರಿ ಅಂದರೆ ಆನೆ. “ಆನೆನಾ? ಹೋಟೆಲ್ ಮೆನುನಲ್ಲಿ ಆಲೂ ಕರಿ ಅಂತ ಇರತ್ತಲ್ಲ!” ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಎದುರು ಬರ್ತಿನವರೂ ನಕ್ಕರು.

ಆಮೇಲೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನಡುವಿನ ಬರ್ತ್ ಎತ್ತಿ ಕೊಂಡಿ ಹಾಕಿ, ಅವಳನ್ನು ಮಲಗಿಸಿದ್ದಾಯಿತು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವಳ ದನಿ ಬಂತು.

“ಅಜ್ಜಿ, ಕಿಟಕಿ.”

“ಯಾಕೆ, ಚಳಿನಾ?”

“ಅಲ್ಲ. ಕಿ, ಟ, ಕಿ. ತಿರುಗಿಸಿದ್ರೂ ಕಿಟಕಿನೇ.”

ನಾನು ಮೇಲೆ ಮಲಗಿದ್ದವನು ಇಂಗ್ಲಿಷಿನಲ್ಲಿ ಹಾಕಿ ನೋಡಿದೆ. ಆಗುವುದಿಲ್ಲ. ಕನಕ, ಜಲಜ, ವಿಕಟಕವಿ ಇವೂ ಹಾಗೇ. ಕನ್ನಡದಲ್ಲಿ ಎರಡೂ ಕಡೆಯಿಂದ ಒಂದೇ, ಇಂಗ್ಲಿಷಿನಲ್ಲಿ ಬರೆದರೆ ಮುರಿಯುತ್ತವೆ. ಎರಡರಲ್ಲೂ ನಿಲ್ಲುವ ಊರು ನನಗೆ ಗೊತ್ತಿರುವುದು ಒಂದೇ, ಗದಗ. ಇದನ್ನು ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಕೆಳಗೆ ಇಬ್ಬರೂ ನಿದ್ದೆಹೋಗಿದ್ದರು.

ನಸುಕಿನಲ್ಲಿ ಕಲಬುರಗಿ ಬಂತು. ಅಮ್ಮ ರಾತ್ರಿಯೇ ಅಪ್ಪಣೆ ಕೊಟ್ಟಿದ್ದರು. ಕನ್ನಡ ಪೇಪರು ಸಿಗುವ ಕೊನೆಯ ದೊಡ್ಡ ಸ್ಟೇಷನ್ನು ಇದೇ, ಮುಂದೆ ಸೊಲ್ಲಾಪುರ, ಅಲ್ಲಿ ಮರಾಠಿ. ಹಾಗಾಗಿ ಇಳಿದು ಓಡಬೇಕು. ಓಡಿದೆ. ಅಂಗಡಿಯವನು ಪೇಪರಿನ ಕಟ್ಟಿನ ದಾರ ಬಿಚ್ಚುತ್ತಿದ್ದ. ಚಿಲ್ಲರೆ ತಗೊಳ್ಳದೆ ವಾಪಸ್ ಓಡಿ ಹತ್ತಿದೆ.

ಅದರಲ್ಲಿ ಎರಡು ವಸ್ತು ಇದ್ದವು. ನಿನ್ನೆಯ ಪದಬಂಧದ ಉತ್ತರ, ಇವತ್ತಿನ ಹೊಸ ಪದಬಂಧ. ನಿನ್ನೆಯದು ಎಲ್ಲ ಸರಿ ಇತ್ತು, ಅಮ್ಮ ನೋಡಿ ಪಕ್ಕಕ್ಕಿಟ್ಟರು. ಇವತ್ತಿನದಕ್ಕೆ ಕಾಫಿ ಬರುವವರೆಗೂ ಕೈ ಹಚ್ಚಲಿಲ್ಲ. ರೈಲಿನ ಕಾಫಿ ಕುಡಿದು, “ಇದಕ್ಕೆ ಕಾಫಿ ಅನ್ನೋದಕ್ಕಿಂತ ಬಿಸಿನೀರು ಅಂತ ಸುಳಿವು ಕೊಟ್ರೆ ಸರಿ” ಎಂದು ಲೋಟ ಕೆಳಗಿಟ್ಟು ಶುರುಮಾಡಿದರು.

ಮಗಳು ಈಗ ಸುಳಿವು ಓದುವ ಕೆಲಸ ತೆಗೆದುಕೊಂಡಿದ್ದಳು. ನಿಧಾನ. ಒಂದೊಂದು ಒತ್ತಕ್ಷರಕ್ಕೂ ನಿಲ್ಲುತ್ತಿದ್ದಳು. ಅಜ್ಜಿಗೆ ಅವಸರ ಇರಲಿಲ್ಲ. ಎಡದಿಂದ ಬಲಕ್ಕೆ ಮುಗಿಸಿ, ಮೇಲಿನಿಂದ ಕೆಳಕ್ಕೆ ಬಂದಾಗ ಒಂದು ಸುಳಿವು: ಬೇಸಿಗೆಯಲ್ಲಿ ದೂರದಲ್ಲಿ ಕಾಣುವ ಸುಳ್ಳು ನೀರು, ಐದು ಅಕ್ಷರ.

ನಾನು ಮೇಲಿನಿಂದ “ಮರೀಚಿಕೆ” ಅಂದೆ. “ಅದು ನಾಲ್ಕು” ಎಂದರು ಅಮ್ಮ, ತಲೆ ಎತ್ತದೆ. ಅವರಿಗೆ ಬಂದದ್ದು ಬಿಸಿಲುಗುದುರೆ. ಬೆರಳು ಮಡಿಸಿ ಎಣಿಸಿದರೆ ಆರು. ಆಗ ಮಗಳು ಕೇಳಿದಳು, “ಬಿಸಿಲುಗುದುರೆ ಅಂದ್ರೆ ಬಿಸಿಲಿನ ಕುದುರೆನಾ?” ಹೊರಗೆ ಅದೇ ಕಾಣುತ್ತಿತ್ತು. ಮಳೆ ಇನ್ನೂ ಹಿಡಿದಿರಲಿಲ್ಲ. ಸೊಲ್ಲಾಪುರ ದಾಟಿದ ಮೇಲಿನ ಕಪ್ಪುಮಣ್ಣಿನ ಬಯಲಲ್ಲಿ, ದೂರದ ರಸ್ತೆಯ ಮೇಲೆ ನೀರು ನಿಂತ ಹಾಗೆ ಏನೋ ಅಲ್ಲಾಡುತ್ತಿತ್ತು. ಅವಳು ಕುದುರೆ ಹುಡುಕುತ್ತಾ ಕೂತಳು.

ಅಮ್ಮ ಅಷ್ಟರಲ್ಲಿ ಬಿಡಿಸಿದ್ದರು. ಬಿಸಿಲ್ಗುದುರೆ. ಬಿ, ಸಿ, ಲ್ಗು, ದು, ರೆ. ‘ಲು’ವಿನ ಉಕಾರ ಹಾರಿಹೋಗಿ, ‘ಗು’ ಬಂದು ಒತ್ತಾಗಿ ಕೂತ ಮೇಲೆ ಐದೇ ಮನೆ.

“ಆದ್ರೆ ಅಜ್ಜಿ, ‘ಲ್ಗು’ನಲ್ಲಿ ಎರಡು ಅಕ್ಷರ ಇವೆಯಲ್ಲ? ಒಂದೇ ಮನೆ ಹೇಗೆ ಸಾಕಾಗತ್ತೆ?”

“ನಿನ್ನನ್ನ ಎರಡು ವರ್ಷದವಳಿದ್ದಾಗ ಇದೇ ರೈಲಿನಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಬಂದಿದ್ದೆ. ನಿನಗೆ ಟಿಕೆಟ್ ತಗೊಂಡಿದ್ವಾ? ಒತ್ತು ಅಂದ್ರೆ ತೊಡೆ ಮೇಲಿನ ಮಗು ಕಣೆ. ಅದಕ್ಕೆ ಬೇರೆ ಸೀಟಿಲ್ಲ.”

ನಾನು ನಲವತ್ತೈದು ವರ್ಷ ಕನ್ನಡ ಬರೆದಿದ್ದೇನೆ. ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾರೂ ಕೊಟ್ಟಿಲ್ಲ.

ಹತ್ತು ಗಂಟೆಗೆಲ್ಲ ಪದಬಂಧ ಮುಗಿಯಿತು, ಒಂದು ಮನೆ ಬಿಟ್ಟು. ಆ ಒಂದು ಮನೆಯೇ ಇಷ್ಟುದ್ದ ಬರೆಸುತ್ತಿರುವುದು.

ಸುಳಿವು: ಪಂಜರದ ಹಕ್ಕಿ, ಎರಡು ಅಕ್ಷರ. ಮೊದಲನೆಯ ಮನೆಗೆ ಮೇಲಿನಿಂದ ‘ಬೆಡಗಿ’ ಇಳಿದುಬಂದಿದ್ದರಿಂದ ‘ಗಿ’ ಖಚಿತ. ಎರಡನೆಯ ಮನೆ ಬಲಗಡೆಯ ಅಂಚಿನಲ್ಲಿತ್ತು. ಅದರ ಮೇಲೂ ಕಪ್ಪು, ಕೆಳಗೂ ಕಪ್ಪು.

“ಗಿಣಿ” ಎಂದರು ಅಮ್ಮ.

“ಗಿಲಿ” ಎಂದಳು ಮಗಳು. ಬರೆದು ತೋರಿಸಿದಾಗ ಮಾತ್ರ ಸರಿಯಾಗಿ ‘ಗಿಳಿ’ ಎಂದೇ ಬರೆದಿದ್ದಳು. ಅವಳ ಕೋಣೆಯ ಗೋಡೆಯಲ್ಲಿ ಅಕ್ಷರಮಾಲೆಯ ಚಾರ್ಟು ಇದೆ. ಅದರಲ್ಲಿ ‘ಗ’ಕಾರದ ಹತ್ತಿರ ಹಸಿರು ಹಕ್ಕಿ, ಕೆಳಗೆ ‘ಗಿಳಿ’ ಎಂದೇ ಇದೆ.

“ಮಾವಿನಕಾಯಿಗೆ ಏನಂತಾರೆ? ಗಿಣಿಮೂತಿ. ಗಿಳಿಮೂತಿ ಅಂತ ಯಾರಾದ್ರೂ ಅಂತಾರಾ?”

“ಚಾರ್ಟ್‌ನಲ್ಲಿ ಗಿನಿ ಇಲ್ಲ.”

“ಗಿನಿ ಅಲ್ಲ, ಗಿಣಿ.”

ನನ್ನನ್ನು ಕೇಳಿದರು. ಎರಡೂ ಸರಿ ಎಂದೆ. ಇಬ್ಬರಿಗೂ ಸಮಾಧಾನ ಆಗಲಿಲ್ಲ.

ಇಲ್ಲಿ ಪದಬಂಧದ ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ಹೇಳಬೇಕು. ಒಂದು ಮನೆಯ ಮೇಲೆ ಅಡ್ಡದ ಪದವೂ ಉದ್ದದ ಪದವೂ ಹಾದುಹೋದರೆ, ಒಂದಕ್ಕೆ ಇನ್ನೊಂದು ಸಾಕ್ಷಿ. ನೀವು ತಪ್ಪು ಬರೆದರೆ ಆ ಸಾಕ್ಷಿ ಹಿಡಿದುಕೊಡುತ್ತದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅಡ್ಡಹಾಯುವ ಮನೆಗಳು ಜಾಸ್ತಿ. ಅಮೆರಿಕದ ಪತ್ರಿಕೆಗಳಲ್ಲಂತೂ ಸಾಮಾನ್ಯವಾಗಿ ಪ್ರತಿ ಮನೆಗೂ ಎರಡು ಪದದ ಕಾವಲು. ಅವರಿಗೆ ಇರುವುದು 26 ಅಕ್ಷರ, ಹೊಂದಿಸುವುದು ಸುಲಭ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೆ ಕ, ಕಾ, ಕಿ, ಕೀ ಎಂದು ಹದಿನೈದು ಗುಣಿತ. ಬರೀ ಕಾಗುಣಿತವೇ 510. ಒತ್ತಕ್ಷರ ಅದರ ಮೇಲೆ. ಅಡ್ಡದ ಪದದಲ್ಲಿ ‘ಗಿ’ ಇದ್ದರೆ ಉದ್ದದ ಪದದಲ್ಲೂ ‘ಗಿ’ಯೇ ಬೇಕು, ‘ಗ’ ನಡೆಯುವುದಿಲ್ಲ, ‘ಗೀ’ ನಡೆಯುವುದಿಲ್ಲ, ‘ಗ್ಗಿ’ಯೂ ನಡೆಯುವುದಿಲ್ಲ. ಹಾಗಾಗಿ ಕನ್ನಡ ಪದಬಂಧ ಕಟ್ಟುವವರು ಕಪ್ಪು ಮನೆಗಳನ್ನು ಧಾರಾಳವಾಗಿ ಹಾಕಬೇಕಾಗುತ್ತದೆ. ಸಾಕ್ಷಿ ಇಲ್ಲದ ಒಂಟಿ ಮನೆಗಳು ಉಳಿಯುತ್ತವೆ. ಒಂಟಿ ಮನೆಗೆ ಎರಡು ರೂಪ ಇರುವ ಪದ ಬಂದು ಕೂತರೆ, ಬಿಡಿಸುವವನಿಗೆ ದಾರಿಯೇ ಇಲ್ಲ. ಕಟ್ಟಿದವರ ಊರು ಯಾವುದು ಎಂದು ಊಹಿಸಬೇಕು ಅಷ್ಟೇ.

ಉತ್ತರ ನಾಳೆಯ ಪೇಪರಿನಲ್ಲಿ. ನಾಳೆ ನಾವು ಮಥುರೆಯ ಆಸುಪಾಸಿನಲ್ಲಿ. ಅಮ್ಮ ಆ ಮನೆಯನ್ನು ಖಾಲಿ ಬಿಟ್ಟು ಪುಟ ಮಡಿಸಿದರು.

ಮಧ್ಯಾಹ್ನ ಮಗಳಿಗೆ ಬೇಜಾರು ಶುರುವಾಯಿತು. ಅವತ್ತಿನ ವರ್ಡಲ್ ತೆರೆಯೋಣ ಎಂದರೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಅಮ್ಮ ಕಡಲೆಕಾಯಿ ಬಿಡಿಸುತ್ತಾ, “ಅದೇನು ಆಟ, ನನಗೂ ಹೇಳು” ಎಂದರು. ಅವಳು ಹೇಳಿದಳು. ಗುಟ್ಟಿನ ಪದ ಒಂದು, ಐದು ಅಕ್ಷರ, ಆರು ಸಲ ಊಹಿಸಬಹುದು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದೆ ಆದರೆ ಬೇರೆ ಜಾಗದಲ್ಲಿ ಎಂದರೆ ಹಳದಿ, ಇಲ್ಲವೇ ಇಲ್ಲ ಎಂದರೆ ಬೂದಿ ಬಣ್ಣ.

“ಸರಿ, ಮೂರು ಮನೆ ಇಟ್ಕೊಳ್ಳೋಣ. ನಾನು ಮನಸ್ಸಿನಲ್ಲಿ ಒಂದು ಪದ ಅಂದ್ಕೊಂಡೆ. ಹೇಳು.”

ಮಗಳು ‘ಕಮಲ’ ಎಂದಳು. ಅಜ್ಜಿ ಬಾಯಿ ತೆರೆದು ಮುಚ್ಚಿದರು. “‘ಕ’ ಸರಿ. ‘ಮ’ ಇಲ್ಲ. ‘ಲ’... ಇದೆ, ಆದ್ರೆ ಇಲ್ಲ.”

“ಇದೆಯೋ ಇಲ್ವೋ ಹೇಳಿ ಅಜ್ಜಿ!”

ಇಂಗ್ಲಿಷಿನ ಮೂರು ಬಣ್ಣ ಕನ್ನಡಕ್ಕೆ ಸಾಕಾಗಲಿಲ್ಲ. ಮೂಲ ಅಕ್ಷರ ಸರಿ, ಗುಣಿತ ಬೇರೆ ಎಂದರೆ ಏನು ಹೇಳುವುದು? ಇಲ್ಲವೇ ಇಲ್ಲ ಎಂದುಬಿಟ್ಟರೆ 510ರಲ್ಲಿ ಹುಡುಕುವುದು ಆರು ಸಲಕ್ಕೆ ಆಗುವ ಮಾತಲ್ಲ. ಇದೆ ಎಂದರೆ ಸುಳ್ಳು. ಅಮ್ಮ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿದರು. ಪೂರ್ತಿ ಸರಿ ಇದ್ದರೆ ಹುಣ್ಣಿಮೆ. ಅಕ್ಷರ ಸರಿ, ಗುಣಿತ ಅಥವಾ ಒತ್ತು ತಪ್ಪು ಎಂದರೆ ಅರ್ಧಚಂದ್ರ. ಇಲ್ಲ ಎಂದರೆ ಅಮಾವಾಸ್ಯೆ. ಬೇರೆ ಮನೆಯಲ್ಲಿದ್ದರೆ ಪಕ್ಕದಲ್ಲೊಂದು ಬಾಣ.

ಕಮಲ: ಹುಣ್ಣಿಮೆ, ಅಮಾವಾಸ್ಯೆ, ಅರ್ಧಚಂದ್ರ.

ಈಗ ಮಗಳು ನಿಜವಾಗಿ ಯೋಚನೆ ಮಾಡಿದಳು. ಮೂರನೆಯ ಮನೆಯಲ್ಲಿ ಲಕಾರವೇ ಇದೆ, ಆದರೆ ‘ಲ’ ಅಲ್ಲ. ತುಟಿಯೊಳಗೇ ಲಾ, ಲಿ, ಲೀ, ಲು ಎಂದು ಹೇಳಿಕೊಂಡಳು. ಹೋದ ವರ್ಷ ಇದೇ ಕಾಗುಣಿತ ಹೇಳಿಸಲು ಅಮ್ಮ ದಿನಾ ಒಂದು ಬರ್ಫಿ ಲಂಚ ಕೊಡಬೇಕಾಗಿತ್ತು.

“ಕತ್ತಲೆ. ಆದ್ರೆ ಅದು ಮೂರಾ?” ತಾನೇ ಉತ್ತರ ಹೇಳಿಕೊಂಡಳು. “ಒಂದು ‘ತ’ ತೊಡೆ ಮೇಲಿದೆ. ಮೂರು.”

ಹುಣ್ಣಿಮೆ, ಅಮಾವಾಸ್ಯೆ, ಹುಣ್ಣಿಮೆ.

ಈಗ ನಡುವಿನದೊಂದೇ ಬಾಕಿ. ನಂಜನಗೂಡಿನ ಹೊಳೆ ನೆನಪಾಗಿ ‘ಕಪಿಲೆ’ ಎಂದಳು. ಅದೂ ನಡುವೆ ಅಮಾವಾಸ್ಯೆ. ಅಜ್ಜಿ ಏನೂ ಹೇಳದೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಜೋರಾಗಿ ಕುರುಕಿದರು.

“ಕಡಲೆ! ಅಜ್ಜಿ, ಮೋಸ, ಕೈಯಲ್ಲೇ ಇಟ್ಕೊಂಡಿದೀರಿ!”

ಮುಂದಿನ ಸರದಿ ಅವಳದು. ಅಮ್ಮ ಆರು ಸಲ ಊಹಿಸಿ ಸೋತರು. ಮೊದಲೆರಡು ಮನೆಗೆ ಹುಣ್ಣಿಮೆ ಬಂದಿತ್ತು, ‘ಮ’ ಮತ್ತು ‘ನೆ’. ಮೂರನೆಯದು ಏನು ಮಾಡಿದರೂ ಬರಲಿಲ್ಲ. ಗುಟ್ಟಿನ ಪದ ‘ಮನೆಗೆ’.

“ಅದು ಪದವೇ ಅಲ್ಲ. ಮನೆ ಅನ್ನೋದು ಪದ, ‘ಗೆ’ ಅದರ ಬಾಲ.”

“ನಾವು ಮನೆಗೆ ಹೋಗ್ತೀವಲ್ಲ?”

ಅಮ್ಮನ ಮಾತು ಸರಿಯೇ. ವಿಭಕ್ತಿಗೆ ಬಾಗಿಲು ತೆರೆದರೆ ಪ್ರತಿ ಹೆಸರೂ ಹತ್ತಾರು ಪದವಾಗುತ್ತದೆ, ಕ್ರಿಯಾಪದಗಳಂತೂ ಕೇಳಲೇಬೇಡಿ. ಊಹಿಸುವವರಿಗೆ ಬುಡವೇ ಸಿಗುವುದಿಲ್ಲ. ನಿಘಂಟಿನಲ್ಲಿ ಹೇಗಿದೆಯೋ ಹಾಗೆ ಮಾತ್ರ ಎಂದು ತೀರ್ಮಾನವಾಯಿತು. ಆದರೂ ಆ ಆಟದ ಅಂಕ ಮಗಳಿಗೇ ಹೋಯಿತು, ನಿಯಮ ಆಮೇಲೆ ಬಂದದ್ದರಿಂದ. ಮನ್ಮಾಡ್, ಜಳಗಾಂವ್, ಭುಸಾವಳ್ ಎಲ್ಲ ಇದರಲ್ಲೇ ಕಳೆದವು. ನಾನು ಜಳಗಾಂವಿನಲ್ಲಿ ಬಾಳೆಹಣ್ಣು ತಂದೆ ಎನ್ನುವುದನ್ನು ಬಿಟ್ಟರೆ ಹೇಳುವಂಥದ್ದೇನಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಕಣ್ಣುಬಿಟ್ಟಾಗ ಗ್ವಾಲಿಯರ್ ದಾಟಿತ್ತು. ಕೆಳಗೆ ಮಗಳು ಆಗಲೇ ಎದ್ದು, ಸ್ಕೇಲಿಲ್ಲದೆ ವಕ್ರವಕ್ರವಾಗಿ ಗೆರೆ ಎಳೆಯುತ್ತಿದ್ದಳು. ಇವತ್ತು ಕನ್ನಡ ಪೇಪರು ಸಿಗುವುದಿಲ್ಲ, ಅಜ್ಜಿಗೆ ಪದಬಂಧ ಇಲ್ಲ, ಆದ್ದರಿಂದ ತಾನೇ ಕಟ್ಟುತ್ತಿದ್ದೇನೆ ಎಂದಳು. ಐದು ಅಡ್ಡ, ಐದು ಉದ್ದ. ಕಪ್ಪು ಮನೆಗಳಿಗೆ ನನ್ನ ಪೆನ್ನಿನ ಶಾಯಿ ಅರ್ಧ ಮುಗಿಸಿದ್ದಳು.

ಅಮ್ಮ ಕನ್ನಡಕ ಹಾಕಿಕೊಂಡು ಕೂತರು. ಮೊದಮೊದಲು ಸರಾಗ. ಆಮೇಲೆ ಒಂದು ಕಡೆ ಪೆನ್ಸಿಲ್ ನಿಂತಿತು. ಮೇಲಿನಿಂದ ಕೆಳಕ್ಕೆ: ‘ಆಕಾಶದಿಂದ ಬರುತ್ತೆ, ಎರಡು’. ಅಮ್ಮ ಮಳೆ ಎಂದು ಬರೆದರು. ಅದರ ಎರಡನೆಯ ಮನೆಯ ಮೇಲೇ ಅಡ್ಡದ ಪದ ಮುಗಿಯುತ್ತಿತ್ತು: ‘ಹಬ್ಬದ ಊಟ ಇದರ ಮೇಲೆ, ಎರಡು’. ಎಲೆ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ಮಳೆಗೆ ‘ಳೆ’ ಬೇಕು, ಎಲೆಗೆ ‘ಲೆ’ ಬೇಕು. ಮನೆ ಒಂದೇ.

ಅಮ್ಮ ಉಜ್ಜಿದರು. ಮತ್ತೆ ಬರೆದರು. ಬೇರೆ ಪದ ಹುಡುಕಿದರು. ಆಕಾಶದಿಂದ ಏನು ಬರುತ್ತದೆ? ಬಿಸಿಲು, ಸಿಡಿಲು, ಹನಿ. ಎರಡು ಅಕ್ಷರ, ಕೊನೆಗೆ ‘ಲೆ’. ನಾನು ಮೇಲಿನಿಂದ ಕತ್ತು ಚಾಚಿ ನೋಡುತ್ತಿದ್ದೆ. ಏನಾಗಿದೆ ಎಂದು ನನಗೆ ಗೊತ್ತಾಯಿತು. ಅಮ್ಮನಿಗೂ ಅದೇ ಗಳಿಗೆಯಲ್ಲಿ ಗೊತ್ತಾಯಿತು ಎಂದು ಕಾಣುತ್ತದೆ, ಪೆನ್ಸಿಲ್ಲಿನ ತುದಿ ಕಚ್ಚಿದರು.

“ಪುಟ್ಟಿ, ಇದನ್ನ ನಿನ್ನ ಬಾಯಲ್ಲಿ ಒಂದು ಸಲ ಹೇಳು.”

“ಮಲೆ.”

ನಾನಾಗಿದ್ದರೆ ತಪ್ಪು ಎಂದು ಹೇಳಿ, ‘ಲ’ ‘ಳ’ ಪಾಠ ಶುರುಮಾಡಿ, ಮಗುವಿನ ಬೆಳಗ್ಗೆಯನ್ನು ಹಾಳುಮಾಡಿರುತ್ತಿದ್ದೆ. ಅಮ್ಮ ಕಾಗದ ಅವಳ ಕಡೆ ತಿರುಗಿಸಿದರು.

“ನಿನ್ನ ಪದ ಸರಿ ಇದೆ. ಮಲೆ ಅಂದ್ರೆ ಬೆಟ್ಟ. ಮಲೆನಾಡು ಅಂತೀವಲ್ಲ, ಆ ಮಲೆ. ಸುಳಿವು ಮಾತ್ರ ಬೇರೆ ಯಾವುದೋ ಪದದ್ದು. ಮನೆ ಒಡೆಯೋದು ಬೇಡ, ಸುಳಿವು ಬದಲಾಯಿಸು.”

ಪದಬಂಧ ಕಟ್ಟುವಾಗ ಮಾಡುವುದೂ ಇದನ್ನೇ. ಒಂದು ಪದ ಕಿತ್ತರೆ ಅದಕ್ಕೆ ಅಂಟಿಕೊಂಡ ನಾಲ್ಕು ಪದ ಕೀಳಬೇಕು. ಸುಳಿವು ಬದಲಾಯಿಸಲು ಒಂದು ಸಾಲು ಸಾಕು. ಮಗಳು ಹಳೆಯ ಸುಳಿವು ಹೊಡೆದುಹಾಕಿ, ‘ಶಿವಮೊಗ್ಗದ ಕಡೆಯ ನಾಡಿನ ಮೊದಲರ್ಧ’ ಎಂದು ಬರೆದಳು. ಶಿವಮೊಗ್ಗದ ಒತ್ತಿಗೆ ನನ್ನ ಸಹಾಯ ಬೇಕಾಯಿತು. ಆಮೇಲೆ ಅವಳು ಆ ಮನೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

“ಅಜ್ಜಿ, ಎಲೆ ಇಲ್ದಿದ್ರೆ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ? ಮಳೆ ಅಂತ ಬರೆದು ಸುಮ್ನೆ ಮುಂದೆ ಹೋಗ್ಬಿಡ್ತಿದ್ರಿ.” ಈ ಸಲ ‘ಳ’ವನ್ನು ನಾಲಿಗೆ ಮಡಿಸಿ ಹೇಳಿದಳು. ಸ್ವಲ್ಪ ಜಾಸ್ತಿಯೇ ಮಡಿಸಿದಳು.

“ಹೌದು. ಎಲೆ ಹಿಡ್ಕೊಂಡಿತ್ತು.”

ಮಥುರಾ, ಆಮೇಲೆ ಫರೀದಾಬಾದಿನ ಕಾರ್ಖಾನೆಗಳು, ಆಮೇಲೆ ದೆಹಲಿ. ಬ್ಯಾಗು ಇಳಿಸುವುದು, ಜಾಡಿ ಲೆಕ್ಕಹಾಕುವುದು, ಕೂಲಿಯವನ ಜೊತೆ ಚೌಕಾಸಿ. ನನ್ನ ಹೆಂಡತಿ ಪ್ಲಾಟ್‌ಫಾರಂಗೆ ಬಂದಿದ್ದಳು. ಅವತ್ತು ಯಾರೂ ಪದಬಂಧದ ಮಾತೆತ್ತಲಿಲ್ಲ. ಬಿಸಿಲು ಹಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಅಮ್ಮ ಹನ್ನೊಂದರ ಕಾಫಿ ಹಿಡಿದು ಊಟದ ಮೇಜಿಗೆ ಬಂದರು. ಮೇಜಿನ ಮೇಲೆ ಹಿಂದಿ ಪೇಪರು. ಅಭ್ಯಾಸಬಲಕ್ಕೆ ಹಿಂದಿನಿಂದ ಮುಂದಕ್ಕೆ ಪುಟ ತಿರುಗಿಸಿ, ಕೆಳಗಿಟ್ಟರು. ನನಗೆ ನೋಡಲಾಗಲಿಲ್ಲ. ಫೋನಿನಲ್ಲಿ ಪತ್ರಿಕೆಯ ಇ-ಪೇಪರ್ ತೆರೆದು, ಹಿಂದಿನ ದಿನದ ಸಂಚಿಕೆಗೆ ಹೋಗಿ, ಉತ್ತರದ ಚೌಕವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ.

“ಅಮ್ಮ, ಗಿಳಿ ಅಂತ ಹಾಕಿದ್ದಾರೆ.”

“ಹಾಕ್ಕೊಳ್ಳಲಿ ಬಿಡು. ನಮ್ಮ ಕಡೆ ಗಿಣಿನೇ.”

ಗೆದ್ದವಳು ಒಳಗಿನ ಕೋಣೆಯಲ್ಲಿದ್ದಳು. ಕುಣಿದುಕೊಂಡು ಬರುತ್ತಾಳೆ ಎಂದುಕೊಂಡೆ. ನಿಧಾನವಾಗಿ ಬಂದಳು, ಕೈಯಲ್ಲಿ ಸ್ಕೇಲು, ನೋಟ್‌ಬುಕ್ಕು. ಈ ಸಲ ಗೆರೆಗಳು ನೆಟ್ಟಗಿದ್ದವು.

“ಅಜ್ಜಿ, ನಾಳೆಯದಕ್ಕೆ ನಾನು ಗಿಣಿ ಹಾಕ್ತಿದೀನಿ. ಮೂಲೆಯಲ್ಲಲ್ಲ, ಮಧ್ಯದಲ್ಲಿ. ಮೇಲಿಂದ ರಾಣಿ ಬಂದು ‘ಣಿ’ ಮೇಲೆ ನಿಲ್ತಾಳೆ. ಆಗ ಯಾರೂ ಗಿಳಿ ಅಂತ ಬರೆಯೋಕಾಗಲ್ಲ.”